ಹೊಡೆದುಹಾಕಿದ ಊರು

ಉತ್ತರ ಪತ್ರಿಕೆಯ ಆ ಸಾಲು ಈಗಲೂ ಕಣ್ಣ ಮುಂದೆ ಇದೆ. ಗ್ರಾಫ್ 'ಎ' ಎಂದು ಬರೆದು, ಅದರ ಮುಂದೆ 'ಮಂಗಳೂರು' ಎಂದು ಬರೆದು, ಆಮೇಲೆ ಆ ಹೆಸರಿನ ಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಪರ್ತ್' ಎಂದು ಬರೆದಿತ್ತು. ಬರೆದ ಹುಡುಗಿ ಮಂಗಳೂರಿನವಳೇ. ಬಯಲುಸೀಮೆಯ ನಮ್ಮ ಕಾಲೇಜಿಗೆ ಬಂದು ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ತನ್ನ ಊರನ್ನು ತಾನೇ ಹೊಡೆದುಹಾಕಿ ಆಸ್ಟ್ರೇಲಿಯಾದ ಊರೊಂದನ್ನು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ ಮುಂದಿನ ಪುಟಕ್ಕೆ ಹೋದೆ.

ಪಿಯುಸಿ ಭೂಗೋಳದ ಕಿರುಪರೀಕ್ಷೆ ಅದು. ಪ್ರಶ್ನೆ ಬಹಳ ಸರಳ ಎಂದೇ ನಾನು ಅಂದುಕೊಂಡಿದ್ದೆ. ಮೂರು ವಾಯುಗುಣ ಗ್ರಾಫ್‌ಗಳು, ನಾಲ್ಕು ಊರುಗಳ ಹೆಸರು. ಯಾವ ಗ್ರಾಫ್ ಯಾವ ಊರಿನದು, ಯಾಕೆ ಎಂದು ಬರೆಯಬೇಕು. ಊರಿಗೆ ಒಂದು ಅಂಕ, ಕಾರಣಕ್ಕೆ ಒಂದು ಅಂಕ. ಊರುಗಳು ಮಂಗಳೂರು, ಚೆನ್ನೈ, ಡಾರ್ವಿನ್ ಮತ್ತು ಪರ್ತ್. ಪರ್ತ್ ಯಾವ ಗ್ರಾಫಿಗೂ ಸೇರದ ಹೆಸರು; ಕಣ್ಣುಮುಚ್ಚಿ ಹೊಂದಿಸುವವರನ್ನು ಹಿಡಿಯಲೆಂದು ನಾನೇ ಸೇರಿಸಿದ್ದೆ. ಆ ಬಲೆಗೆ ಬಿದ್ದದ್ದು ಮಾತ್ರ ಕಣ್ಣು ತೆರೆದು ಯೋಚಿಸಿದವರು. ಅವಳೊಬ್ಬಳೇ ಅಲ್ಲ, ತರಗತಿಯ ಚುರುಕು ಹುಡುಗರಲ್ಲಿ ಹಲವರು ಅದನ್ನೇ ಬರೆದಿದ್ದರು. ಸುಮ್ಮನೆ ಊಹಿಸಿ ಬರೆದವರಲ್ಲಿ ಕೆಲವರ ಉತ್ತರ ಸರಿಯಾಗಿತ್ತು. ಅದೇ ನನಗೆ ಇರಿಸುಮುರಿಸು ತಂದದ್ದು.

ವಾಯುಗುಣ ಗ್ರಾಫ್ ಎಂದರೆ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಅವುಗಳ ಮೇಲೆ ಹಾಯುವ ಒಂದು ಗೆರೆ. ಕಂಬಗಳು ಆಯಾ ತಿಂಗಳ ಸರಾಸರಿ ಮಳೆ, ಗೆರೆ ಆಯಾ ತಿಂಗಳ ಸರಾಸರಿ ಉಷ್ಣಾಂಶ. ಮಳೆಯ ಅಳತೆ ಒಂದು ಬದಿಗೆ ಮಿಲಿಮೀಟರ್‌ನಲ್ಲಿ, ಉಷ್ಣಾಂಶದ ಅಳತೆ ಇನ್ನೊಂದು ಬದಿಗೆ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಊರಿನ ಹೆಸರು ಮರೆಮಾಡಿ, ಈ ಚಿತ್ರ ನೋಡಿ ಊರು ಯಾವುದು ಹೇಳಿ ಎನ್ನುವುದು ಪರೀಕ್ಷೆಯ ಆಟ. ಈ ಆಟಕ್ಕೆ ನಾವು ಮೇಷ್ಟ್ರುಗಳು ಒಂದು ಸೂತ್ರ ಹೇಳಿಕೊಡುತ್ತೇವೆ. ಗೆರೆ ಜುಲೈ ಸುಮಾರಿಗೆ ಏರಿದ್ದರೆ ಉತ್ತರಾರ್ಧಗೋಳ, ಜುಲೈ ಸುಮಾರಿಗೆ ತಗ್ಗಿದ್ದರೆ ದಕ್ಷಿಣಾರ್ಧಗೋಳ. ನಮ್ಮ ಬೇಸಿಗೆ ಅವರ ಚಳಿಗಾಲ ಎಂಬ ಮಾತಿನಿಂದ ಹುಟ್ಟಿದ ಸೂತ್ರ. ನನ್ನ ನೋಟ್ಸಿನಲ್ಲಿ ಅದರ ಸುತ್ತ ಚೌಕ ಹಾಕಿಸಿದ್ದೆ.

ಪತ್ರಿಕೆ ಕೊಟ್ಟ ದಿನ ಮಧ್ಯಾಹ್ನ ಅವಳು ಸ್ಟಾಫ್ ರೂಮಿಗೆ ಬಂದಳು. ಅಂಕ ಕೇಳಲು ಬಂದಿದ್ದಾಳೆ ಎಂದುಕೊಂಡೆ.

"ಸರ್, ನಾನು ಮೊದಲು ಮಂಗಳೂರು ಅಂತಲೇ ಬರೆದದ್ದು. ಜುಲೈಯಲ್ಲಿ ಅಷ್ಟು ಮಳೆ ನೋಡಿದ ಕೂಡಲೇ ಗೊತ್ತಾಯ್ತು. ಮತ್ತೆ ಗೆರೆ ನೋಡಿದೆ. ಜುಲೈಯಲ್ಲಿ ಕೆಳಗೆ ಹೋಗಿದೆ. ನೀವು ಹೇಳಿದ ಪ್ರಕಾರ ಅದು ದಕ್ಷಿಣಾರ್ಧಗೋಳ ಆಗ್ಬೇಕಲ್ಲ? ಅಲ್ಲಿ ಚಳಿಗಾಲದಲ್ಲಿ ಮಳೆ ಬರುವ ಊರು ಅಂದ್ರೆ ಪರ್ತ್. ಅದಕ್ಕೆ ಹೊಡೆದು ಹಾಕಿದೆ."

"ನಿಮ್ಮೂರಲ್ಲಿ ಜುಲೈ ತಣ್ಣಗಿರುತ್ತೇನಮ್ಮ?" ಎಂದೆ, ಉತ್ತರ ಗೊತ್ತಿಲ್ಲದವನ ಹಾಗೆ.

"ಆಟಿ ತಿಂಗಳಲ್ಲಿ ಒಲೆ ಬುಡ ಬಿಟ್ಟು ಏಳ್ಲಿಕ್ಕೆ ಮನಸ್ಸೇ ಬರುದಿಲ್ಲ ಸರ್. ಜನವರಿಯಲ್ಲಿ ಮಧ್ಯಾಹ್ನ ಸೆಕೆಯೇ ಇರ್ತದೆ."

ನಾನು ಅವಳ ಪತ್ರಿಕೆಯನ್ನು ವಾಪಸ್ ತೆಗೆದುಕೊಂಡೆ. ಅವಳು ತಪ್ಪು ಮಾಡಿರಲಿಲ್ಲ. ನನ್ನ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಸೂತ್ರವನ್ನು ಎಲ್ಲಿ ಬಳಸಬಾರದು ಎಂದು ನಾನು ಹೇಳಿಯೇ ಇರಲಿಲ್ಲ.

ಮಂಗಳೂರಿನ ಅಂಕಿಗಳನ್ನು ನೋಡಿ. ಏಪ್ರಿಲ್, ಮೇ ತಿಂಗಳ ಸರಾಸರಿ ಉಷ್ಣಾಂಶ 29 ಡಿಗ್ರಿ ದಾಟುತ್ತದೆ. ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ, ಗೆರೆ ಇಳಿಯುತ್ತದೆ. ಜುಲೈಯಲ್ಲಿ ಅದು ಸುಮಾರು 26 ಡಿಗ್ರಿ. ಜನವರಿಯಲ್ಲಿ ರಾತ್ರಿ ತಂಪಾದರೂ ಹಗಲ ಬಿಸಿಲು ಜೋರು, ಹಾಗಾಗಿ ಸರಾಸರಿ 27ರ ಆಸುಪಾಸು. ಅಂದರೆ ಮಂಗಳೂರಿನ ಅತಿ ತಂಪಾದ ಕಾಲ ಜನವರಿ ಅಲ್ಲ, ಜುಲೈ–ಆಗಸ್ಟ್. ವಿಚಿತ್ರವೆಂದರೆ ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಏಪ್ರಿಲ್‌ನಲ್ಲಿ ನೆತ್ತಿ ಸುಡುವ ಅದೇ ಸೂರ್ಯ ಆಗಸ್ಟ್‌ನಲ್ಲಿ ಮೋಡದ ಹಿಂದೆ ಉಳಿದುಬಿಡುತ್ತಾನೆ. ಇಲ್ಲಿ ಗೆರೆಯನ್ನು ಇಳಿಸಿದ್ದು ಋತುವಿನ ಸೂರ್ಯನಲ್ಲ, ನೈಋತ್ಯ ಮಾರುತದ ಮೋಡ ಮತ್ತು ಮಳೆ. ನನ್ನ ಸೂತ್ರ ಸೂರ್ಯನ ಲೆಕ್ಕವನ್ನಷ್ಟೇ ಇಟ್ಟುಕೊಂಡಿತ್ತು.

ಇನ್ನೂ ಒಂದು ತಪ್ಪು ನನ್ನದೇ. ಗ್ರಾಫ್‌ಗಳನ್ನು ನಾನು ಕಂಪ್ಯೂಟರಿನಲ್ಲಿ ಮಾಡಿದ್ದೆ. ಅಂಕಿ ತುಂಬಿದರೆ ಅಳತೆಯನ್ನು ಅದೇ ಆರಿಸಿಕೊಳ್ಳುತ್ತದೆ. ಮಂಗಳೂರಿನ ಉಷ್ಣಾಂಶಕ್ಕೆ ಅದು ಆರಿಸಿದ ಅಳತೆ 24ರಿಂದ 30 ಡಿಗ್ರಿ. ಬರೀ ಮೂರು ಡಿಗ್ರಿ ಇಳಿತ ಕಾಗದದ ಮೇಲೆ ಆಳವಾದ ಕಣಿವೆಯಂತೆ ಕಂಡಿತ್ತು. ಸೊನ್ನೆಯಿಂದ ಶುರು ಮಾಡಿದ್ದರೆ ಅದೇ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿ ಕಾಣುತ್ತಿತ್ತು. ಜೊತೆಗೆ ಜೆರಾಕ್ಸ್ ಪ್ರತಿಯಲ್ಲಿ ಬದಿಯ ಅಂಕಿಗಳು ಮಸುಕಾಗಿದ್ದವು. ಹುಡುಗರಿಗೆ ಉಳಿದದ್ದು ಆಕಾರ ಮಾತ್ರ. ಆಕಾರವನ್ನಷ್ಟೇ ನೋಡಿದರೆ ಮಂಗಳೂರು ಮತ್ತು ಪರ್ತ್ ಅಕ್ಕತಂಗಿಯರಂತೆಯೇ ಕಾಣುತ್ತವೆ. ಎರಡರಲ್ಲೂ ವರ್ಷದ ನಡುವೆ ಗೆರೆ ತಗ್ಗುತ್ತದೆ, ಅದೇ ತಿಂಗಳುಗಳಲ್ಲಿ ಕಂಬಗಳು ಏಳುತ್ತವೆ.

ಅಂಕಿ ಓದಿದರೆ ಎರಡೂ ಬೇರೆ ಲೋಕ. ಪರ್ತ್‌ನ ಜುಲೈ ಸುಮಾರು 13 ಡಿಗ್ರಿ, ಅದರ ಜನವರಿ–ಫೆಬ್ರವರಿ 24ರ ಮೇಲೆ. ಅತಿ ಹೆಚ್ಚು ಮಳೆಯ ತಿಂಗಳಲ್ಲೂ ಅಲ್ಲಿ ಬೀಳುವುದು 150 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ ಜೂನ್, ಜುಲೈ ಒಂದೊಂದು ತಿಂಗಳೂ ಹತ್ತಿರ ಹತ್ತಿರ ಸಾವಿರ ಮಿ.ಮೀ. ಸುರಿಯುತ್ತದೆ. ಪರ್ತ್‌ನದು ಮೆಡಿಟರೇನಿಯನ್ ವಾಯುಗುಣ. ಬೇಸಿಗೆಯಲ್ಲಿ ಅಧಿಕ ಒತ್ತಡದ ಪಟ್ಟಿ ಮೇಲೆ ಕೂತು ಮಳೆ ತಡೆಯುತ್ತದೆ, ಚಳಿಗಾಲದಲ್ಲಿ ಪಶ್ಚಿಮ ಮಾರುತಗಳು ಉತ್ತರಕ್ಕೆ ಸರಿದು ಬಂದು ಮಳೆ ತರುತ್ತವೆ. ಅಲ್ಲಿ ಚಳಿ ಮೊದಲು, ಮಳೆ ಅದರ ಜೊತೆಗೆ ಬರುವ ಅತಿಥಿ. ಮಂಗಳೂರಿನಲ್ಲಿ ಮಳೆ ಮೊದಲು, ತಂಪು ಅದು ತಂದ ಬುತ್ತಿ.

ಹಾಗಾದರೆ ಯಾವ ಕ್ರಮದಲ್ಲಿ ಓದಬೇಕು? ಅಂದು ಸಂಜೆ ಅದೇ ಮೂರು ಗ್ರಾಫ್‌ಗಳನ್ನು ಹಾಳೆಯ ಮೇಲೆ ಒಂದೇ ಅಳತೆಯಲ್ಲಿ ಕೈಯಿಂದ ಬರೆದು ನನಗೆ ನಾನೇ ಪಾಠ ಹೇಳಿಕೊಂಡೆ.

ಮೊದಲು ಕೇಳಬೇಕಾದದ್ದು ಗೆರೆ ಎಲ್ಲಿ ತಗ್ಗಿದೆ ಎಂದಲ್ಲ, ತಗ್ಗಿದ ಜಾಗದಲ್ಲಿ ಎಷ್ಟು ಡಿಗ್ರಿ ಇದೆ ಎಂದು. ಕೊಪ್ಪೆನ್ ತನ್ನ ವರ್ಗೀಕರಣದಲ್ಲಿ ಉಷ್ಣವಲಯದ ವಾಯುಗುಣಕ್ಕೆ ಇಟ್ಟ ಗಡಿ 18 ಡಿಗ್ರಿ. ಅತಿ ತಂಪಾದ ತಿಂಗಳೂ ಅದಕ್ಕಿಂತ ಕೆಳಗೆ ಹೋಗಬಾರದು. ಗ್ರಾಫ್ 'ಎ'ಯ ಅತಿ ತಂಪು 26 ಡಿಗ್ರಿ. ಅಲ್ಲಿಗೆ ಪರ್ತ್ ಪಟ್ಟಿಯಿಂದ ಹೊರಗೆ. ಮಳೆಯನ್ನು ನೋಡುವ ಅಗತ್ಯವೂ ಬೀಳಲಿಲ್ಲ.

ಎರಡನೆಯದು, ಅತಿ ಬಿಸಿ ಮತ್ತು ಅತಿ ತಂಪು ತಿಂಗಳ ನಡುವಿನ ಅಂತರ. ಅಂತರ ದೊಡ್ಡದಿದ್ದರೆ ಗೆರೆಯನ್ನು ನಡೆಸುವವನು ಸೂರ್ಯ, ಆಗ ಅರ್ಧಗೋಳದ ಸೂತ್ರವನ್ನು ನಂಬಬಹುದು. ಅಂತರ ನಾಲ್ಕೈದು ಡಿಗ್ರಿಯ ಒಳಗಿದ್ದರೆ ಮೋಡ, ಮಳೆ, ಸಮುದ್ರ ಯಾವುದೂ ಗೆರೆಯನ್ನು ಬಾಗಿಸಬಲ್ಲದು. ಆಗ ಗೆರೆಯನ್ನು ಬಿಟ್ಟು ಕಂಬಗಳ ಕಡೆ ತಿರುಗಬೇಕು. ಉಷ್ಣವಲಯದಲ್ಲಿ ಮಳೆ ಸಾಮಾನ್ಯವಾಗಿ ಸೂರ್ಯನ ಹಿಂದೆಯೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ ಎಂದರೆ ಉತ್ತರ, ಡಿಸೆಂಬರ್‌ನಿಂದ ಮಾರ್ಚ್ ಮಳೆ ಎಂದರೆ ದಕ್ಷಿಣ.

ಗ್ರಾಫ್ 'ಬಿ' ಡಾರ್ವಿನ್‌ನದು. ಅದು ಸುಮಾರು 12.5 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ, ಸಮಭಾಜಕ ವೃತ್ತದ ಮೇಲೆ ಕನ್ನಡಿ ಇಟ್ಟು ನೋಡಿದರೆ ಮಂಗಳೂರಿನ ಪ್ರತಿಬಿಂಬ. ಅಲ್ಲೂ ಜುಲೈಯಲ್ಲಿ ಗೆರೆ ತಗ್ಗುತ್ತದೆ, ಸುಮಾರು 25 ಡಿಗ್ರಿಗೆ. ಆದರೆ ಆ ತಿಂಗಳು ಹನಿ ಮಳೆಯೂ ಬೀಳದ ಕಾಲ. ಜನವರಿಯಲ್ಲಿ 400 ಮಿ.ಮೀ. ದಾಟುತ್ತದೆ. ಅಲ್ಲಿ ಅತಿ ಸೆಕೆಯ ತಿಂಗಳು ನವೆಂಬರ್, ಮಳೆ ಬಲವಾಗಿ ಹಿಡಿಯುವ ಮೊದಲು. ನಮ್ಮ ಏಪ್ರಿಲ್–ಮೇ ಇದ್ದ ಹಾಗೆಯೇ. ಒಂದೇ ತಿಂಗಳಲ್ಲಿ ಎರಡೂ ಊರಿನ ಗೆರೆ ತಗ್ಗುತ್ತದೆ, ಕಾರಣ ಮಾತ್ರ ಬೇರೆ. ಆ ಕಾರಣವನ್ನು ಹೇಳುವುದು ಜುಲೈಯ ಕಂಬ.

ಗ್ರಾಫ್ 'ಸಿ' ಚೆನ್ನೈ. ಮಳೆ ಸೂರ್ಯನ ಹಿಂದೆ ಹೋಗುತ್ತದೆ ಎಂಬ ಮಾತು ಇಲ್ಲಿ ಕೈಕೊಡುತ್ತದೆ. ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ ಕಾಲದಲ್ಲಿ ಬೀಳುತ್ತದೆ. ಆದರೆ ಜನವರಿಗೂ ಮೇ–ಜೂನ್‌ಗೂ ಉಷ್ಣಾಂಶದ ಅಂತರ ಸುಮಾರು ಎಂಟು ಡಿಗ್ರಿ, ಹಾಗಾಗಿ ಗೆರೆಯೇ ಉತ್ತರಾರ್ಧಗೋಳ ಎಂದು ಸಾಕ್ಷಿ ಹೇಳುತ್ತದೆ. ಒಂದು ಸಾಕ್ಷಿ ತಡವರಿಸಿದಾಗ ಇನ್ನೊಂದನ್ನು ಕರೆಯಬೇಕು.

ಅಳತೆಯ ಮೋಸಕ್ಕೆ ಮದ್ದು ಹಳೆಯದೇ. ಹೈನ್ರಿಶ್ ವಾಲ್ಟರ್ ಮತ್ತು ಹೆಲ್ಮುಟ್ ಲೀತ್ ಎಂಬ ಜರ್ಮನ್ ವಿಜ್ಞಾನಿಗಳು 1960ರ ದಶಕದಲ್ಲಿ ಜಗತ್ತಿನ ಊರುಗಳ ಇಂಥ ಚಿತ್ರಗಳ ಅಟ್ಲಾಸ್ ತಂದಾಗ ಅಳತೆಯನ್ನೇ ಕಟ್ಟಿಹಾಕಿದರು. 10 ಡಿಗ್ರಿಯ ಎತ್ತರಕ್ಕೆ ಸರಿಯಾಗಿ 20 ಮಿ.ಮೀ. ಮಳೆ. ಆಗ ಮಳೆ ಗೆರೆಗಿಂತ ಕೆಳಗಿದ್ದರೆ ಅದು ಒಣ ತಿಂಗಳು, ಮೇಲಿದ್ದರೆ ಹಸಿ ತಿಂಗಳು. 24 ಡಿಗ್ರಿಯ ಪರ್ತ್ ಜನವರಿ ಹಸಿಯೆನಿಸಲು 48 ಮಿ.ಮೀ. ಬೇಕು, ಅಷ್ಟು ಅಲ್ಲಿ ಬೀಳುವುದಿಲ್ಲ. 100 ಮಿ.ಮೀ. ದಾಟಿದ ಮೇಲೆ ಅವರು ಮಳೆಯ ಅಳತೆಯನ್ನು ಹತ್ತರಲ್ಲಿ ಒಂದಕ್ಕೆ ಕುಗ್ಗಿಸುತ್ತಾರೆ. ಹಾಗೆ ಮಾಡದಿದ್ದರೆ ಮಂಗಳೂರಿನ ಜುಲೈ ಪುಟ ಹರಿದು ಆಚೆ ಹೋಗುತ್ತಿತ್ತು.

ಮರುದಿನ ಪತ್ರಿಕೆಗಳನ್ನೆಲ್ಲ ವಾಪಸ್ ತರಿಸಿಕೊಂಡೆ. ಗ್ರಾಫ್ 'ಎ'ಗೆ ಪರ್ತ್ ಎಂದು ಬರೆದು ಜುಲೈ ತಗ್ಗಿನ ಕಾರಣ ಕೊಟ್ಟವರಿಗೆಲ್ಲ ಕಾರಣದ ಒಂದು ಅಂಕ ಕೊಟ್ಟೆ. ಊರಿನ ಅಂಕ ಕೊಡಲಿಲ್ಲ, ಊರು ಪರ್ತ್ ಅಲ್ಲವಲ್ಲ. ಅವಳಿಗೆ ಆ ಇನ್ನೊಂದು ಅಂಕದ ಬಗ್ಗೆ ತಕರಾರಿರಲಿಲ್ಲ. "ಮೊದಲು ಬರೆದದ್ದು ಕೂಡ ಸರಿ ಇತ್ತಲ್ಲ ಸರ್" ಎಂದು ಮಾತ್ರ ಹೇಳಿದಳು.

ನೋಟ್ಸಿನ ಆ ಚೌಕದ ಕೆಳಗೆ ಎಲ್ಲರ ಕೈಯಲ್ಲೂ ಒಂದು ಸಾಲು ಬರೆಸಿದೆ: ಅಂತರ ಐದು ಡಿಗ್ರಿಗಿಂತ ಕಡಿಮೆ ಇದ್ದರೆ ಈ ಸೂತ್ರ ಬಳಸಬೇಡಿ, ಮಂಗಳೂರನ್ನು ನೆನೆಯಿರಿ. ಅವಳು ಬರೆಯುವಾಗ ನಕ್ಕಿದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು.