ಸಾಲ ಬೇಡಮ್ಮ, ಒಳ್ಳೇದಾಗಲಿ

ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುವುದು ಕಷ್ಟ ಅಂತ ದೊಡ್ಡವರು ಹೇಳುತ್ತಿದ್ದರು. ಕೊಡುತ್ತೇನೆ ಅಂತ ಬಂದವರಿಗೆ ಬೇಡ ಅನ್ನುವುದು ಅದಕ್ಕಿಂತ ಕಷ್ಟ ಅಂತ ಅವರಿಗೆ ಗೊತ್ತಿರಲಿಲ್ಲ, ಪಾಪ. ಅವರ ಕಾಲದಲ್ಲಿ ಯಾವ ಬ್ಯಾಂಕೂ ಮಧ್ಯಾಹ್ನ ಊಟಕ್ಕೆ ಕೂತ ಹೊತ್ತಿಗೆ ಫೋನು ಮಾಡಿ, ‘ಸರ್, ನಿಮಗೆ ಐದು ಲಕ್ಷ ಪ್ರೀ ಅಪ್ರೂವ್ ಆಗಿದೆ, ಯಾವಾಗ ತಗೊಳ್ತೀರಾ?’ ಅಂತ ಕೇಳುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಬ್ಯಾಂಕುಗಳು ಮನೆಬಾಗಿಲಿಗೆ ಬರುವುದು ಅಲ್ಲಿ ಹೊಸತೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಾದರೂ ಸರಿ ಅಂತ ಏಜೆಂಟರನ್ನು ಮನೆ ಮನೆಗೆ, ಅಂಗಡಿ ಅಂಗಡಿಗೆ ಕಳಿಸಿತ್ತು. ನಮ್ಮ ಅಪ್ಪನ ಅಂಗಡಿಗೂ ಒಬ್ಬರು ಪಿಗ್ಮಿ ಮಾಮ್ ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಚರ್ಮದ ಚೀಲ. ವ್ಯಾಪಾರ ಇಲ್ಲದ ದಿನ ಅಪ್ಪ ‘ಇವತ್ತು ಬೇಡ ಮಾರಾಯ್ರೆ’ ಅಂದರೆ ಅವರು ಬೇಸರಿಸದೆ ಒಂದು ಲೋಟ ನೀರು ಕುಡಿದು, ಮಳೆಯ ಬಗ್ಗೆ ಎರಡು ಮಾತಾಡಿ ಹೊರಡುತ್ತಿದ್ದರು. ಬೇಡ ಅನ್ನುವುದಕ್ಕೂ ಬೇಡ ಅನ್ನಿಸಿಕೊಳ್ಳುವುದಕ್ಕೂ ಇಬ್ಬರಿಗೂ ಮುಖ ಇತ್ತು, ಪುರುಸೊತ್ತೂ ಇತ್ತು.

ಸಾಲದ ಕಥೆ ಬೇರೆ. ಅಕ್ಕನ ಮದುವೆಗೆ ಸಾಲ ಕೇಳಲು ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬ್ಯಾಂಕಿಗೆ ಹೋದದ್ದು ನೆನಪಿದೆ. ಇಬ್ಬರು ಜಾಮೀನುದಾರರು, ಜಾಗದ ಪತ್ರ, ತೀರ್ವೆ ರಶೀದಿ, ಎಲ್ಲ ಒಂದು ಬಟ್ಟೆಯ ಚೀಲದಲ್ಲಿ. ಮ್ಯಾನೇಜರು ಎಲ್ಲವನ್ನೂ ನಿಧಾನವಾಗಿ ನೋಡಿ, ಕನ್ನಡಕ ತೆಗೆದು, ‘ಮುಂದಿನ ವಾರ ನೋಡುವಾ’ ಅಂದರಂತೆ. ಅಪ್ಪ ಮನೆಗೆ ಬಂದವರೇ ಅಮ್ಮನಿಗೆ ‘ಆಗುವುದಿಲ್ಲವಂತೆ’ ಅಂದರು. ಅವರು ಹಾಗೆ ಹೇಳಿಲ್ಲವಲ್ಲ ಅಂತ ನಮಗೆಲ್ಲ ಅನಿಸಿತ್ತು. ಆದರೆ ಅಪ್ಪನಿಗೆ ಸರಿಯಾಗಿಯೇ ಅರ್ಥವಾಗಿತ್ತು. ನಮ್ಮಲ್ಲಿ ಇಲ್ಲ ಅನ್ನುವ ಕ್ರಮವೇ ಅದು. ನೋಡುವಾ, ಆಮೇಲೆ ಹೇಳುತ್ತೇನೆ, ಮನೆಯಲ್ಲಿ ಒಂದು ಮಾತು ಕೇಳಬೇಕು ಅಂದರೆ ಎದುರಿನವರು ತಿಳಿದುಕೊಳ್ಳುತ್ತಿದ್ದರು. ಯಾರ ಮರ್ಯಾದೆಗೂ ಊನ ಬರುತ್ತಿರಲಿಲ್ಲ.

ಅದೇ ಸಂಸ್ಕಾರವನ್ನು ನಾನು ಬೆಂಗಳೂರಿನಲ್ಲಿ ಕೂತು ಫೋನಿನಲ್ಲೂ ನಡೆಸಿಕೊಂಡು ಬಂದೆ. ‘ಈಗ ಸ್ವಲ್ಪ ಕೆಲಸದಲ್ಲಿದ್ದೇನಮ್ಮ, ಆಮೇಲೆ ನೋಡೋಣ’ ಅಂತ ನಯವಾಗಿ ಹೇಳಿ ಇಡುತ್ತಿದ್ದೆ. ಆ ಕಡೆಯ ಹುಡುಗಿ ಅಷ್ಟೇ ನಯವಾಗಿ ‘ಓಕೆ ಸರ್, ಥ್ಯಾಂಕ್ಯೂ ಸರ್’ ಅನ್ನುತ್ತಿದ್ದಳು. ಸಂಜೆ ನಾಲ್ಕಕ್ಕೆ ಮತ್ತೆ ಫೋನು. ಈ ಸಲ ಹುಡುಗ. ‘ಸರ್, ಬೆಳಿಗ್ಗೆ ಮಾತಾಡಿದ್ರಲ್ಲ, ಆಮೇಲೆ ಮಾಡಿ ಅಂದಿದ್ರಿ.’

ಇದರ ಒಳಗುಟ್ಟು ಬಿಡಿಸಿಟ್ಟವಳು ನನ್ನ ತಂಗಿಯ ಮಗಳು. ಓದು ಮುಗಿದು ಒಳ್ಳೆಯ ಕೆಲಸ ಸಿಗುವವರೆಗೆ ಅವಳು ಇಂಥದೇ ಒಂದು ಕಾಲ್ ಸೆಂಟರಿನಲ್ಲಿ ದುಡಿದಿದ್ದಳು. ‘ಮಾವ, ನೀವು ನಯವಾಗಿ ಮಾತಾಡೋದೇ ತೊಂದರೆ’ ಅಂದಳು. ಅವರಿಗೆ ನಂಬರು ಒತ್ತುವ ಕೆಲಸವೂ ಇಲ್ಲವಂತೆ. ಯಂತ್ರವೇ ಪಟ್ಟಿಯಿಂದ ಒಂದೊಂದಾಗಿ ಡಯಲ್ ಮಾಡಿ, ಎತ್ತಿದವರನ್ನು ಇವರ ಕಿವಿಗೆ ಜೋಡಿಸುತ್ತದೆ. ಮಾತು ಮುಗಿದ ಕೂಡಲೇ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ: ಫೋನ್ ಎತ್ತಲಿಲ್ಲ, ರಾಂಗ್ ನಂಬರ್, ಭಾಷೆ ಬರಲಿಲ್ಲ, ಕಾಲ್ ಬ್ಯಾಕ್, ಇಂಟರೆಸ್ಟೆಡ್, ನಾಟ್ ಇಂಟರೆಸ್ಟೆಡ್. ಯಾವುದಾದರೂ ಒಂದನ್ನು ಒತ್ತದೆ ಮುಂದಿನ ಕರೆ ಬರುವುದಿಲ್ಲ. ‘ಆಮೇಲೆ ನೋಡೋಣ ಅಂದ್ರೆ ನಾವು ಯಾವುದು ಒತ್ತಬೇಕು ಹೇಳಿ? ಕಾಲ್ ಬ್ಯಾಕ್. ಒತ್ತಿದ್ರೆ ಎಷ್ಟು ಗಂಟೆಗೆ ಅಂತ ಕೇಳುತ್ತೆ. ನಾಲ್ಕು ಅಂತ ಹಾಕ್ತೀವಿ. ನಾಲ್ಕಕ್ಕೆ ಅದೇ ಮಾಡುತ್ತೆ.’

ಬ್ಯಾಂಕು ಮ್ಯಾನೇಜರ ‘ನೋಡುವಾ’ ಅಪ್ಪನಿಗೆ ತಿಳಿದಷ್ಟು ಸುಲಭವಾಗಿ ನನ್ನ ‘ನೋಡೋಣ’ ಆ ಪರದೆಗೆ ತಿಳಿಯುವುದಿಲ್ಲ ಎಂದಾಯಿತು. ಅಲ್ಲಿ ದಾಕ್ಷಿಣ್ಯಕ್ಕೆ ಅಂತ ಗುಂಡಿ ಇಲ್ಲ.

ಹಾಗಾದರೆ ಕಾರಣ ಹೇಳಿ ತಪ್ಪಿಸಿಕೊಳ್ಳೋಣ ಅನ್ನುವವರಿದ್ದಾರೆ. ಅವರಿಗೂ ಅವಳ ಬಳಿ ಉತ್ತರವಿತ್ತು. ನಾವು ಕೊಡುವ ಒಂದೊಂದು ಕಾರಣಕ್ಕೂ ಏನು ಹೇಳಬೇಕು ಎಂದು ಅವರ ಮುಂದೆ ಮೊದಲೇ ಬರೆದಿಟ್ಟಿರುತ್ತದಂತೆ. ನನ್ನ ಹತ್ತಿರ ಈಗಾಗಲೇ ಕ್ರೆಡಿಟ್ ಕಾರ್ಡ್ ಇದೆ ಅಂದಿರೋ, ಅವರಿಗೆ ಹಬ್ಬ. ಒಂದು ಬ್ಯಾಂಕು ನಂಬಿ ಕೊಟ್ಟಿದೆ ಅಂದಮೇಲೆ ಇನ್ನೊಂದಕ್ಕೆ ನೀವು ಪಕ್ಕಾ ಗಿರಾಕಿ. ‘ಕಾರ್ಡ್ ಮೇಲೆ ಕಾರ್ಡ್’ ಅಂತಲೇ ಅದಕ್ಕೊಂದು ದಾರಿ ಇದೆ, ಸಂಬಳದ ಚೀಟಿಯೂ ಬೇಕಿಲ್ಲ. ಈಗಾಗಲೇ ಸಾಲ ಇದೆ ಅಂದರೆ, ಅದನ್ನು ನಮ್ಮ ಬ್ಯಾಂಕಿಗೆ ವರ್ಗಾಯಿಸಿ, ಮೇಲೆ ಟಾಪ್ ಅಪ್ ಕೊಡ್ತೀವಿ ಅನ್ನುತ್ತಾರೆ. ವಾರ್ಷಿಕ ಶುಲ್ಕ ದಂಡ ಅಂದರೆ ಕಾರ್ಡು ಲೈಫ್‌ಟೈಮ್ ಫ್ರೀ. ಹೆಂಡತಿಯನ್ನು ಕೇಳಬೇಕು ಅಂದರೆ ‘ಮೇಡಂಗೂ ಆ್ಯಡ್ ಆನ್ ಕಾರ್ಡ್ ಇದೆ ಸರ್.’ ನನ್ನ ಸ್ನೇಹಿತರೊಬ್ಬರು ರಿಟೈರ್ ಆದ ಮರುವಾರ ಉತ್ಸಾಹದಿಂದ ‘ನನಗೀಗ ಸಂಬಳವೇ ಇಲ್ಲಮ್ಮ’ ಅಂದರು. ಆ ಕಡೆಯಿಂದ ಒಂದು ಕ್ಷಣವೂ ತಡವಿಲ್ಲದೆ ‘ಪೆನ್ಷನ್ ಲೋನ್ ಇದೆ ಸರ್’ ಅಂತ ಬಂತು.

ಇನ್ನು ‘ಬಡ್ಡಿ ಜಾಸ್ತಿಯಲ್ವಾ’ ಅಂತ ಕೇಳಿಬಿಟ್ಟರೆ ಮುಗಿಯಿತು. ‘ಫ್ಲಾಟ್ ಎಂಟು ಪರ್ಸೆಂಟ್ ಸರ್, ಅಷ್ಟೇ’ ಅನ್ನುತ್ತಾರೆ. ಎಂಟು ಎಷ್ಟು ಚಿಕ್ಕದಾಗಿ ಕೇಳುತ್ತದೆ! ನಾನು ಒಂದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಐದು ಲಕ್ಷಕ್ಕೆ ವರ್ಷಕ್ಕೆ ಶೇ 8 ಅಂದರೆ 40,000. ಮೂರು ವರ್ಷಕ್ಕೆ 1,20,000. ಒಟ್ಟು 6,20,000ವನ್ನು 36 ಕಂತು ಮಾಡಿದರೆ ತಿಂಗಳಿಗೆ ಸುಮಾರು 17,222 ರೂಪಾಯಿ. ಚಮತ್ಕಾರ ಇರುವುದು ಇಲ್ಲೇ. ನಾವು ತಿಂಗಳು ತಿಂಗಳು ಅಸಲು ತೀರಿಸುತ್ತ ಹೋಗುತ್ತೇವೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರಾ ಐದು ಲಕ್ಷದ ಮೇಲೆಯೇ ನಡೆಯುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಿಡಿಯುವ ಸರಿಯಾದ ಲೆಕ್ಕದಲ್ಲಿ ಇದೇ ಕಂತು ಬರಬೇಕಾದರೆ ದರ ಶೇ 14.5ರ ಆಸುಪಾಸು ಇರಬೇಕು. ಮೇಲೆ ಶೇ 2 ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಜಿಎಸ್‌ಟಿ, ಸೇರಿ 11,800 ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು 4,88,200. ಆಗ ದರ ಶೇ 16 ದಾಟುತ್ತದೆ. ಫೋನಿನಲ್ಲಿ ಕೇಳಿದ ಎಂಟು ಕಾಗದದಲ್ಲಿ ಹದಿನಾರಾಯಿತು.

ಈ ಹದಿನಾರು ಮೊದಲೇ ಕಣ್ಣಿಗೆ ಬೀಳಲಿ ಅಂತಲೇ ರಿಸರ್ವ್ ಬ್ಯಾಂಕು 2024ರ ಅಕ್ಟೋಬರಿನಿಂದ, ಸಾಲ ಕೊಡುವ ಮುಂಚೆ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ, ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಕಡ್ಡಾಯ ಮಾಡಿದೆ. ನಿಜವಾಗಿ ಸಾಲ ಬೇಕಾದವರು ಆ ಹಾಳೆ ಕೇಳಬೇಕು. ಬೇಡವಾದವರು ಬಡ್ಡಿಯ ಸುದ್ದಿಯನ್ನೇ ಎತ್ತಬಾರದು. ದರ ಕೇಳಿದವನು ಪರದೆಯ ಮೇಲೆ ‘ಇಂಟರೆಸ್ಟೆಡ್’ ಆಗಿಹೋಗುತ್ತಾನೆ.

ಬೈದುಬಿಡುವುದೇ ಸುಲಭ ಅನ್ನುವ ಪಂಗಡವೂ ಇದೆ. ನಮ್ಮ ಪಕ್ಕದ ಮನೆಯವರ ಫೋನು ರಿಂಗಾಯಿತೆಂದರೆ ಅವರ ಬೈಗುಳ ರಸ್ತೆಯ ಆ ತುದಿಗೆ ಕೇಳಿಸುತ್ತದೆ. ತಂಗಿಯ ಮಗಳನ್ನೇ ಈ ಬಗ್ಗೆ ಕೇಳಿದೆ. ‘ಬೈಸಿಕೊಂಡ್ರೆ ಏನು ಒತ್ತುತ್ತಿದ್ದೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಕೋಪ ಬಂದ್ರೆ ಕಾಲ್ ಬ್ಯಾಕ್ ಒತ್ತುತ್ತಿದ್ದೆ, ಮಾವ. ಇನ್ನೊಬ್ಬಳಿಗೂ ಸ್ವಲ್ಪ ಬೈಯಲಿ ಅಂತ.’ ನಗುತ್ತಲೇ ಹೇಳಿದಳು. ಆಮೇಲೆ, ಮೊದಲ ತಿಂಗಳು ವಾಶ್‌ರೂಮಿಗೆ ಹೋಗಿ ಅತ್ತದ್ದನ್ನೂ ಹೇಳಿದಳು. ಆ ಸಂಬಳ ನಮ್ಮ ತಂಗಿಯ ಮನೆಯ ಬಾಡಿಗೆಗೆ ಹೋಗುತ್ತಿತ್ತು. ಅಷ್ಟು ದಿನ ಅವಳು ಯಾರ ಯಾರ ಮನೆಯ ಊಟದ ಹೊತ್ತಿಗೆ ಫೋನು ಮಾಡಿದ್ದಳೋ, ಯಾರು ಏನೆಂದಿದ್ದರೋ. ಅದನ್ನು ಯೋಚಿಸಿದ ಮೇಲೆ ನನಗೆ ಗಂಟಲು ಏರಿಸುವ ಆಸೆ ಹೋಯಿತು.

‘ಹಾಗಾದ್ರೆ ನಾನೇನು ಹೇಳಬೇಕು, ನೀನೇ ಹೇಳಿಕೊಡು’ ಅಂದೆ. ಅವಳು ಹೇಳಿಕೊಟ್ಟದ್ದು ಎರಡೇ ಸಾಲು. ‘ನನಗೆ ಸಾಲ ಬೇಡಮ್ಮ, ನಾಟ್ ಇಂಟರೆಸ್ಟೆಡ್ ಅಂತ ಹಾಕ್ಕೊಳ್ಳಿ. ಇನ್ನು ಮುಂದೆ ಫೋನ್ ಮಾಡಬೇಡಿ.’ ‘ಒಳ್ಳೇದಾಗಲಿ’ ಅನ್ನುವುದನ್ನು ನಾನು ಸೇರಿಸಿಕೊಂಡೆ. ‘ಈಗ’ ಬೇಡ, ‘ಸದ್ಯಕ್ಕೆ’ ಬೇಡ ಅನ್ನಬಾರದು. ಯಾಕೆ ಬೇಡ ಅಂತ ಹೇಳಬಾರದು. ಕೇಳಿದರೂ ‘ಬೇಡ ಅಷ್ಟೇ’ ಅನ್ನಬೇಕು. ಮತ್ತೆ, ಅವರು ಉಸಿರು ತೆಗೆದುಕೊಳ್ಳುವವರೆಗೆ ಕಾದು ಕೂರದೆ ಮೊದಲ ವಾಕ್ಯದಲ್ಲೇ ಹೇಳಬೇಕು. ‘ನೀವು ಐದು ನಿಮಿಷ ಕೇಳಿ ಆಮೇಲೆ ಬೇಡ ಅಂದ್ರೆ ನಮ್ಮ ಐದು ನಿಮಿಷ ಹೋಗುತ್ತೆ ಮಾವ. ಅಷ್ಟರಲ್ಲಿ ನಿಜವಾಗಿ ಬೇಕಾದವರು ಒಬ್ಬರು ಸಿಗ್ತಿದ್ರು.’ ನಾನು ಇಷ್ಟು ದಿನ ಔದಾರ್ಯ ಅಂದುಕೊಂಡದ್ದು ಅವರ ಇನ್ಸೆಂಟಿವ್‌ಗೆ ಕಲ್ಲು ಹಾಕುತ್ತಿತ್ತು.

ಈ ಮಂತ್ರಕ್ಕೂ ಒಂದು ಮಿತಿಯಿದೆ. ಒಂದು ಏಜೆನ್ಸಿಯ ಪಟ್ಟಿಯಲ್ಲಿ ಹೆಸರು ಹೊಡೆದರೆ ಇನ್ನೊಂದರ ಪಟ್ಟಿಯಲ್ಲಿ ಅದು ಹಾಗೇ ಇರುತ್ತದೆ. ಅದಕ್ಕೆ 1909ಕ್ಕೆ START 0 ಅಂತ ಮೆಸೇಜು ಕಳಿಸಿ ನಂಬರನ್ನು ಡಿಎನ್‌ಡಿಗೆ ಸೇರಿಸಬೇಕು. ನೋಂದಾಯಿತ ಟೆಲಿಮಾರ್ಕೆಟಿಂಗ್‌ನವರ 140ರಿಂದ ಶುರುವಾಗುವ ಕರೆಗಳು ಅದರಿಂದ ಹತೋಟಿಗೆ ಬರುತ್ತವೆ. ಮಾಮೂಲಿ ಮೊಬೈಲ್ ನಂಬರಿನಿಂದ ಮಾಡುವವರು ಆ ಬೇಲಿಯನ್ನೂ ಹಾರುತ್ತಾರೆ. ಅವರ ಮೇಲೆ ಅದೇ 1909ಕ್ಕೆ ದೂರು ಕೊಡಬಹುದು. ಕಾರ್ಡು ಮಾರುವವರು ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಮಾತ್ರ ಫೋನು ಮಾಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ರಾತ್ರಿ ಎಂಟಕ್ಕೆ ಬಂದರೆ ‘ಏಳಾಯಿತಲ್ಲಮ್ಮ, ಮನೆಗೆ ಹೋಗಿಲ್ವಾ?’ ಅಂತ ಕೇಳಿದರೂ ತಪ್ಪಿಲ್ಲ.

ಒಂದು ಕಡೆ ಮಾತ್ರ ನಯ ನಾಜೂಕು ಎಲ್ಲ ಬದಿಗಿಡಬೇಕು. ‘ಸರ್, ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದಿದೆ, ಹೇಳಿ, ಕ್ಯಾನ್ಸಲ್ ಮಾಡ್ತೀನಿ’ ಅಂದರೆ ಒಂದು ಮಾತೂ ಆಡದೆ ಇಟ್ಟುಬಿಡಿ. ಬೇಡ ಅನ್ನುವುದಕ್ಕೆ ಒಟಿಪಿ ಬೇಕಿಲ್ಲ. ಕೇಳದೆ ಕಾರ್ಡು ಕಳಿಸಿ ಬಿಲ್ಲು ಹಾಕಿದರೆ ಬ್ಯಾಂಕು ಬಿಲ್ಲನ್ನು ರದ್ದು ಮಾಡಿ, ಅದರ ಎರಡರಷ್ಟು ದಂಡ ನಮಗೇ ಕೊಡಬೇಕು. ಆದರೆ ನಾವೇ ಒಟಿಪಿ ಹೇಳಿದರೆ ನಾವೇ ಒಪ್ಪಿದಂತೆ ಲೆಕ್ಕವಾಗಬಹುದು.

ಪಿಗ್ಮಿ ಮಾಮ್ ಈಗಿಲ್ಲ. ಅವರ ಬ್ಯಾಂಕೂ 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಎರಡಾಣೆಗೆ ಬರುತ್ತಿದ್ದ ಅವರ ಹತ್ತಿರ ಇವತ್ತು ಬೇಡ, ನಾಳೆ ಅನ್ನಬಹುದಿತ್ತು, ಅದು ಉಳಿತಾಯದ ಮಾತು. ಇದು ಸಾಲದ ಮಾತು. ಬೇಡವಾದರೆ ಮೊದಲ ಉಸಿರಿನಲ್ಲೇ ಬೇಡ ಅನ್ನಿ, ಕಾರಣ ಕೊಡಬೇಡಿ, ಬೈಯಬೇಡಿ. ಆ ಕಡೆ ಇರುವವಳು ಯಾರದೋ ತಂಗಿಯ ಮಗಳು. ಅವಳಿಗೆ ಇನ್ನೂ ನೂರಾರು ಕರೆ ಬಾಕಿ ಇವೆ.