ರಜೆಯ ಓಲೆ

2025ನೆಯ ಇಸವಿಯ ಮೇ ತಿಂಗಳಲ್ಲಿ ನಮ್ಮ ತಾಯಿಯವರು ಹಳ್ಳಿಯ ಮನೆಯ ಹೊಸ್ತಿಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಶಸ್ತ್ರಕ್ರಿಯೆಯ ಬಳಿಕ ಆರು ವಾರ ಯಾರಾದರೂ ಮಗ್ಗುಲಲ್ಲಿರಬೇಕೆಂದು ವೈದ್ಯರು ಹೇಳಿದರು. ನಾವೋ ಧಾರವಾಡದಲ್ಲಿ ಮನೆ ಮಾಡಿಕೊಂಡು ದಿನಾಲು ಹುಬ್ಬಳ್ಳಿಯ ಸರಕಾರಿ ಕಚೇರಿಯೊಂದಕ್ಕೆ ಹೋಗಿಬರುವವರು. ಅಲ್ಲಿ ಪಗಾರದ ಬಿಲ್ಲು ಸಿದ್ಧಪಡಿಸುವುದು ನಮ್ಮ ಕೆಲಸ.

ಆ ರಾತ್ರಿಯೇ ಸಾಹೇಬರಿಗೆ ಈ-ಮೇಲ್ ಬರೆದೆವು. ತಾಯಿಯ ನೋವನ್ನು ಎರಡು ಪುಟ ತೋಡಿಕೊಂಡು, ಕೊನೆಗೆ ‘ಸುಮಾರು ಒಂದೂವರೆ ತಿಂಗಳು ರಜೆ ಬೇಕು; ಕೆಲಸವನ್ನು ಉಳಿದವರು ನೋಡಿಕೊಳ್ಳುವರು; ಯಾವಾಗ ಬೇಕಾದರೂ ಫೋನು ಮಾಡಿರಿ’ ಎಂದೆವು. ಮರುದಿನ ಉತ್ತರ ಬಂದಿತು: ‘ಯಾವ ದಿನದಿಂದ? ಜೂನ್ ತಿಂಗಳ ಬಿಲ್ಲು ಯಾರು ಮಾಡುವರು?’

ಮೊದಲು ನಮಗೆ ಸಿಟ್ಟು ಬಂದಿತು. ಆಮೇಲೆ, ನಮ್ಮ ಬಿಲ್ಲನ್ನು ನಂಬಿದ ಮನೆಗಳಲ್ಲಿಯೂ ತಾಯಂದಿರಿರುವರೆಂಬುದು ಹೊಳೆದು ನಾಚಿಕೆಯಾಯಿತು.

ಎರಡನೆಯ ಓಲೆಗೆ ಮುಂಚೆ ಕ್ಯಾಲೆಂಡರು ಹಿಡಿದು ಕುಳಿತೆವು. ಜೂನ್ 2 ಸೋಮವಾರದಿಂದ ಜುಲೈ 11 ಶುಕ್ರವಾರದವರೆಗೆ ನಲವತ್ತು ದಿನ. ನಡುವಿನ ಭಾನುವಾರಗಳೂ ಗಳಿಕೆ ರಜೆಯ ಲೆಕ್ಕದಲ್ಲಿಯೇ ಹೋಗುವವು. ಆದರೆ ಹಿಂದಿನ ಭಾನುವಾರವನ್ನೂ, ಮುಂದಿನ ಎರಡನೆಯ ಶನಿವಾರ ಮತ್ತು ಭಾನುವಾರವನ್ನೂ ಸೇರಿಸಿಕೊಳ್ಳಲು ಅಪ್ಪಣೆ ಬೇಡಿದರೆ ಅವು ಖಾತೆಯಿಂದ ಕಳೆಯುವುದಿಲ್ಲ. ಜುಲೈ 14ಕ್ಕೆ ಮರಳಿ ಹಾಜರು. ಓಲೆಯ ತಲೆಬರಹದಲ್ಲಿಯೇ ‘ಗಳಿಕೆ ರಜೆ: 2-6-2025 ರಿಂದ 11-7-2025, 40 ದಿನ’ ಎಂದು ಬರೆದು, ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ರಜೆಯ ನಮೂನೆಯನ್ನೂ ವೈದ್ಯರ ಚೀಟಿಯನ್ನೂ ಜೊತೆಗಿಟ್ಟೆವು.

ಬಳಿಕ ಕೆಲಸದ ಏರ್ಪಾಡು. ಪಕ್ಕದ ಮೇಜಿನ ಗೆಳತಿಯನ್ನು ಮೊದಲು ಕೇಳಿ, ಆಕೆ ಒಪ್ಪಿದ ಮೇಲೆಯೇ ಹೆಸರು ಬರೆದೆವು. ಜೂನ್ ಬಿಲ್ಲು ಆಕೆಯದು, 20ರೊಳಗೆ ಕರಡು. ಟಪಾಲು ಪುಸ್ತಕ ಇನ್ನೊಬ್ಬರದು. ಲೆಕ್ಕ ತಪಾಸಣೆಯ ಆಕ್ಷೇಪಣೆಯೊಂದಕ್ಕೆ ನಾವೇ ಹೊರಡುವ ಮುಂಚೆ ಉತ್ತರ ಕೊಡುವೆವು. ಯಾವ ಕಡತ ಯಾವ ಕಪಾಟಿನಲ್ಲಿದೆಯೆಂದೂ ಬರೆದೆವು. ನಮ್ಮ ಪಾಸ್‌ವರ್ಡನ್ನು ಮಾತ್ರ ಯಾರಿಗೂ ಕೊಡದೆ, ಗೆಳತಿಗೆ ಬೇರೆಯೇ ಅಧಿಕಾರ ಕೊಡಿಸಬೇಕೆಂದು ಬೇಡಿಕೊಂಡೆವು.

ವಿಳಾಸದ ಮಾತಿನಲ್ಲಿ ನಿಜವನ್ನೇ ಹೇಳಿದೆವು. ಹಳ್ಳಿಯ ಮನೆಯೊಳಗೆ ಫೋನು ಹತ್ತುವುದಿಲ್ಲ. ಸಂಜೆ ನಾಲ್ಕರಿಂದ ಐದರವರೆಗೆ ಅಂಗಳದಲ್ಲಿರುವೆವು. ತೀರ ಅವಸರವಾದರೆ ತಮ್ಮನ ಸಂಖ್ಯೆ ಇದು. ಬಿಲ್ಲು ತಡೆದು ನಿಂತರೆ ಮಾತ್ರ ಕರೆಯಬೇಕೆಂದೂ ವಿನಂತಿಸಿದೆವು.

ಓಲೆ ಕಳಿಸಿದ ಮಾತ್ರಕ್ಕೆ ರಜೆ ಸಿಕ್ಕಂತಲ್ಲ. ರಜೆಯು ಹಕ್ಕಲ್ಲವೆಂದು ನಿಯಮವೇ ಹೇಳುತ್ತದೆ. ಮಂಜೂರಾತಿಯ ಆದೇಶ ಕೈಗೆ ಬಂದ ಮೇಲೆಯೇ ಬಸ್ಸು ಹತ್ತಿದೆವು.

ನಲವತ್ತು ದಿನಗಳಲ್ಲಿ ಕರೆ ಬಂದದ್ದು ಒಂದೇ ಸಲ. ಹೊಸದಾಗಿ ಬಂದ ನೌಕರನೊಬ್ಬನ ಕಡತ ನಾವು ಬರೆದ ಕಪಾಟಿನಲ್ಲಿರಲಿಲ್ಲ, ತಪ್ಪು ನಮ್ಮದೇ. ಎರಡು ಮಾತಿನಲ್ಲಿ ತಿಳಿಸಿ ಒಳಗೆ ಬಂದಾಗ ತಾಯಿ ಕೇಳಿದರು: ‘ಕಚೇರಿಯವರು ಕರೀಲಿಕ್ಕ ಹತ್ಯಾರೇನವಾ? ಹೋಗ್ತೀಯೇನು?’

‘ಇಲ್ಲವ್ವಾ’ ಎಂದು ನಾವು ಅವರ ಕಾಲಬಳಿ ಕುಳಿತೆವು.