ಟಿ. ನರಸೀಪುರದ ‘ಟಿ’

ಭಾನುವಾರ, ರಾತ್ರಿ.

ಸೋಮವಾರದಿಂದ ಶನಿವಾರದವರೆಗೆ ಆರು ಪದಬಂಧ, ಒಂದೂ ಪೂರ್ತಿಯಾಗಿಲ್ಲ. ನಂಜನಗೂಡಿಂದ ನರಸೀಪುರಕ್ಕೆ ಹೋಗೋ ಬಸ್ಸಲ್ಲಿ ಶುರು, ವಾಪಸು ಬರುವಾಗಲೂ ಅದೇ ಖಾಲಿ ಮನೆಗಳು. ಸುಳಿವು ಕಷ್ಟ ಅಂತಲ್ಲ, ಉತ್ತರ ಜಾಸ್ತಿಯಾಗೋದೇ ತೊಂದರೆ. ‘ತಾವರೆ (3)’ ಅಂದ್ರೆ ಕಮಲ, ಪಂಕಜ, ನಳಿನ, ಸರೋಜ, ನೀರಜ. ಎಲ್ಲದಕ್ಕೂ ಮೂರೇ ಮನೆ!

ಶನಿವಾರ ಪಕ್ಕದ ಸೀಟಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಇಣುಕಿ ನೋಡಿ, “ಒಂದನೇ ಸುಳಿವಿಂದಲೇ ಹೊರಡಬೇಕು ಅಂತ ಯಾರು ಹೇಳಿದ್ರಮ್ಮ? ಉದ್ದದ್ದು ಹಿಡಿ. ಪೆನ್ಸಿಲ್ ಇದ್ಯಾ?” ಅಂದರು.

ಇವತ್ತು ಹಾಗೇ ಮಾಡಿದೆ. ಉದ್ದದ ಸುಳಿವು: ‘ಟಿ. ನರಸೀಪುರದ ಟಿ (6)’. ದಿನಾ ಬಸ್ಸಿನ ಬೋರ್ಡಲ್ಲಿ ನೋಡೋ ಅಕ್ಷರ, ಬಿಡಿಸಿ ಹೇಳೋರು ಮಾತ್ರ ಕಡಿಮೆ. ತಿ-ರು-ಮ-ಕೂ-ಡ-ಲು. ಕಪಿಲೆ ಕಾವೇರಿಯನ್ನು ಕೂಡೋ ಜಾಗವಲ್ಲವೇ. ಅದರ ‘ಮ’ ತಾವರೆಯ ನಡುಮನೆಗೆ ಬಿತ್ತು. ನಡುವೆ ‘ಮ’ ಇರೋದು ಕಮಲಕ್ಕೆ ಮಾತ್ರ, ಉಳಿದವೆಲ್ಲ ಒಂದೇ ಏಟಿಗೆ ಹೋದವು. ನಮ್ಮ ಪದಬಂಧದ ಒಂದು ಮನೆಯಲ್ಲಿ ವ್ಯಂಜನ, ಸ್ವರ, ಸೊನ್ನೆ, ಒತ್ತು ಎಲ್ಲ ಒಟ್ಟಿಗೇ ಕೂತಿರುತ್ತೆ. ಅದಕ್ಕೇ ಒಂದು ಅಕ್ಷರ ಸಿಕ್ಕರೆ ಇಂಗ್ಲಿಷಿನ ಒಂದು ಅಕ್ಷರಕ್ಕಿಂತ ಎಷ್ಟೋ ಹೆಚ್ಚು ಸಿಕ್ಕಂತೆ.

ಮುಂದಿನದು ಇನ್ನೂ ಮಜಾ. ಅಡ್ಡಕ್ಕೆ ‘ವಿಷ ಕುಡಿದವನು (3)’. ನಂಜನಗೂಡಿನವಳಿಗೆ ಇದನ್ನ ಕೇಳಬೇಕೇ? ಆದರೆ ನಮ್ಮೂರ ದೇವರಿಗೇ ಎರಡು ಹೆಸರು. ನಂ-ಜುಂ-ಡ, ಶ್ರೀ-ಕಂ-ಠ. ಸೊನ್ನೆಗೂ ಒತ್ತಿಗೂ ಬೇರೆ ಮನೆ ಇಲ್ಲ, ಹಾಗಾಗಿ ಎರಡೂ ಮೂರೇ. ಅದರ ಮೊದಲ ಮನೆಯಿಂದ ಕೆಳಕ್ಕೆ ‘ಶಿವನ ವಾಹನ (2)’. ಅದಕ್ಕೂ ಎರಡು ಉತ್ತರ: ನಂದಿ, ಎತ್ತು. ನಾಲ್ಕನ್ನೂ ಅಂಚಲ್ಲಿ ಬರೆದುಕೊಂಡೆ, ಮನೆಯೊಳಗೆ ಏನೂ ಬರೆಯಲಿಲ್ಲ. ಎರಡಕ್ಕೂ ಮೊದಲ ಅಕ್ಷರ ಒಂದೇ ಆಗಬೇಕಲ್ಲ? ‘ಎ’ ಇಂದ ಶುರುವಾಗೋ ದೇವರಿಲ್ಲ, ‘ಶ್ರೀ’ ಇಂದ ಶುರುವಾಗೋ ವಾಹನವಿಲ್ಲ. ‘ನಂ’ ಒಂದೇ ಉಳಿಯಿತು. ಗೊತ್ತಿಲ್ಲದ ಎರಡು ಸುಳಿವು ಒಂದನ್ನೊಂದು ಬಿಡಿಸಿಕೊಂಡವು. ವಾರವಿಡೀ ಒಂದೊಂದೇ ಸುಳಿವನ್ನ ದಿಟ್ಟಿಸುತ್ತಾ ಕೂತಿದ್ದಾಗ ಇದು ಹೊಳೆದೇ ಇರಲಿಲ್ಲ.

ಕೊನೆಗೆ ಉಳಿದದ್ದು ಒಂದು ಮೂಲೆ. ಮೇಲಿನಿಂದ ಇಳಿದ ಪದದಿಂದಾಗಿ ನಾಲ್ಕು ಮನೆಯ ಮೊದಲಲ್ಲಿ ‘ಳೆ’ ಕೂತಿತ್ತು. ‘ಳ’ಕಾರದಿಂದ ಶುರುವಾಗೋ ಪದ ಕನ್ನಡದಲ್ಲಿ ಎಲ್ಲಿದೆ? ಮೇಲಿನ ಪದವನ್ನೇ ಅಳಿಸೋಕೆ ರಬ್ಬರ್ ಎತ್ತಿಕೊಂಡಿದ್ದೆ, ಆಗ ಸುಳಿವಿನ ತುದಿಯ ಪುಟ್ಟ ಅಕ್ಷರಗಳು ಕಂಡವು: ‘ನಂಜನಗೂಡಿನ ಹಣ್ಣು (4, ತಿರುಗಿದೆ)’. ತಿರುಗಿಸೋದೂ ಅಕ್ಷರಕ್ಕೆ ಅಕ್ಷರ, ಗುಣಿತ ಹಾಗೇ ಉಳಿಯುತ್ತೆ.

ಳೆ-ಬಾ-ಸ-ರ. ಹತ್ತೂ ನಲವತ್ತಕ್ಕೆ ಮುಗಿಯಿತು.